ಹನ್ನೆರಡು ಕೆ.ಜಿ. ಮಗುವಿನ ಔಷಧ ಚಾರ್ಟ್: ಲೆಕ್ಕವನ್ನು ಹಿಂದಿನಿಂದ ನೋಡುವುದು

ಮಕ್ಕಳ ವಾರ್ಡಿನ ಔಷಧ ಚಾರ್ಟಿನಲ್ಲಿ ಒಂದೇ ಮದ್ದಿಗೆ ಮೂರು ಬಗೆಯ ಅಂಕಿಗಳು ಓಡಾಡುತ್ತವೆ. ಡಾಕ್ಟರು ಯೋಚಿಸುವುದು ಕೆ.ಜಿ.ಗೆ ಎಷ್ಟು ಮಿಲಿಗ್ರಾಂ ಎಂದು. ಸಿರಿಂಜ್ ಹಿಡಿದ ನರ್ಸ್‌ಗೆ ಬೇಕಾದದ್ದು ಎಷ್ಟು ಮಿ.ಲೀ. ಎಳೆಯಬೇಕು ಎಂಬುದು. ಡ್ರಿಪ್ಪಿನ ಕ್ಲ್ಯಾಂಪ್ ತಿರುಗಿಸುವಾಗ ಬೇಕಾದದ್ದು ನಿಮಿಷಕ್ಕೆ ಎಷ್ಟು ಹನಿ ಎಂಬುದು. ಕೆ.ಜಿ.ಯಿಂದ ಮಿಲಿಗ್ರಾಂಗೆ ಬರಲು ಮಗುವಿನ ತೂಕ ಬೇಕು, ಮಿಲಿಗ್ರಾಂನಿಂದ ಮಿ.ಲೀ.ಗೆ ಬರಲು ವಯಲ್ ಮೇಲಿನ ಪ್ರಮಾಣ ಬೇಕು, ಮಿ.ಲೀ.ಯಿಂದ ಹನಿಗೆ ಬರಲು ಡ್ರಿಪ್ ಸೆಟ್ ಯಾವುದೆಂದು ಗೊತ್ತಿರಬೇಕು. ಈ ಮೂರರಲ್ಲಿ ಎರಡು ಸಾಮಾನ್ಯವಾಗಿ ಚಾರ್ಟಿನ ಮೇಲೆ ಇರುವುದೇ ಇಲ್ಲ. ಒಂದು ವಯಲ್ ಮೇಲಿರುತ್ತದೆ, ಇನ್ನೊಂದು ಸೆಟ್ಟಿನ ಕವರಿನ ಮೇಲೆ. ಕವರನ್ನು ಹರಿದು ಕಸದ ಬುಟ್ಟಿಗೆ ಹಾಕಿ ಆಗಿರುತ್ತದೆ.

ಹಾಗಾಗಿ ಚಾರ್ಟನ್ನು ತಾಳೆ ನೋಡುವುದೆಂದರೆ ಗುಣಾಕಾರ ಸರಿಯಿದೆಯೇ ಎಂದು ನೋಡುವುದಷ್ಟೇ ಅಲ್ಲ. ಕ್ಯಾಲ್ಕುಲೇಟರ್ ಗುಣಾಕಾರವನ್ನು ತಪ್ಪು ಮಾಡುವುದಿಲ್ಲ. ತಪ್ಪುವುದು ಅದಕ್ಕೆ ನಾವು ಕೊಡುವ ಅಂಕಿ. ಅದೇ ತಪ್ಪು ಅಂಕಿಯನ್ನು ಹಿಡಿದು ಅದೇ ದಾರಿಯಲ್ಲಿ ಎರಡನೆಯವರು ಮತ್ತೆ ಲೆಕ್ಕ ಮಾಡಿದರೆ ಅದೇ ತಪ್ಪು ಉತ್ತರ ಬಂದು, ಇಬ್ಬರೂ ನಿಶ್ಚಿಂತೆಯಿಂದ ಸಹಿ ಹಾಕುತ್ತಾರೆ. ಪ್ರಯೋಜನಕ್ಕೆ ಬರುವುದು ಉಲ್ಟಾ ದಾರಿ. ಸಿರಿಂಜಿನಲ್ಲಿರುವ ಮಿ.ಲೀ.ಯಿಂದ, ಬೀಳುತ್ತಿರುವ ಹನಿಯಿಂದ ಹೊರಟು ಕೆ.ಜಿ.ಗೆ ಎಷ್ಟು ಹೋಗುತ್ತಿದೆ ಎಂಬಲ್ಲಿಗೆ ಬಂದು ನಿಲ್ಲಬೇಕು.

ಒಂದು ಚಾರ್ಟನ್ನೇ ಇಟ್ಟುಕೊಂಡು ನೋಡೋಣ. ಎರಡು ವರ್ಷದ ಮಗು, ತೂಕ 12 ಕೆ.ಜಿ. ಮೂತ್ರದ ಸೋಂಕು, ಜ್ವರ, ವಾಂತಿ. ಮೂತ್ರ ಚೆನ್ನಾಗಿ ಹೋಗುತ್ತಿದೆ, ಕ್ರಿಯಾಟಿನಿನ್ ಸರಿಯಿದೆ. ಆರ್ಡರ್ ಹೀಗಿದೆ:

ಡಿಎನ್‌ಎಸ್ 500 ಮಿ.ಲೀ. + ಪೊಟ್ಯಾಸಿಯಂ ಕ್ಲೋರೈಡ್ 5 ಮಿ.ಲೀ. — ಗಂಟೆಗೆ 46 ಮಿ.ಲೀ.
ಅಮಿಕಾಸಿನ್ 180 ಮಿ.ಗ್ರಾಂ ಐವಿ, ದಿನಕ್ಕೊಮ್ಮೆ — 50 ಮಿ.ಲೀ. ನಾರ್ಮಲ್ ಸಲೈನ್‌ನಲ್ಲಿ, 1 ಗಂಟೆ
ಪ್ಯಾರಾಸಿಟಮಾಲ್ 180 ಮಿ.ಗ್ರಾಂ ಐವಿ, 6 ಗಂಟೆಗೊಮ್ಮೆ — 15 ನಿಮಿಷ

ಮೊದಲು ತೂಕ

ಮೂರೂ ಸಾಲು ನಿಂತಿರುವುದು 12 ಎಂಬ ಒಂದೇ ಅಂಕಿಯ ಮೇಲೆ. ಅದು ತಪ್ಪಿದ್ದರೆ ಮುಂದಿನ ಲೆಕ್ಕವೆಲ್ಲ ಅಚ್ಚುಕಟ್ಟಾಗಿ ತಪ್ಪುತ್ತದೆ. ತೂಕವನ್ನು ಇವತ್ತು ಈ ವಾರ್ಡಿನ ತಕ್ಕಡಿಯಲ್ಲಿ ನೋಡಿದ್ದೋ, ಹಳೆಯ ಒಪಿಡಿ ಚೀಟಿಯಿಂದ ಇಳಿಸಿಕೊಂಡದ್ದೋ, ಅಮ್ಮ ಬಾಯಲ್ಲಿ ಹೇಳಿದ್ದೋ ಎಂಬುದು ಚಾರ್ಟಿನಲ್ಲಿ ತಾರೀಖಿನ ಸಮೇತ ಇರಬೇಕು.

ವಯಸ್ಸಿಗೂ ತೂಕಕ್ಕೂ ಹೊಂದುತ್ತದೆಯೇ ಎಂದು ನೋಡಲು ಒಂದು ಒರಟು ಲೆಕ್ಕವಿದೆ. ಒಂದರಿಂದ ಆರು ವರ್ಷದ ಮಕ್ಕಳಿಗೆ ವಯಸ್ಸನ್ನು ಎರಡರಿಂದ ಗುಣಿಸಿ ಎಂಟು ಕೂಡಿಸುವುದು. ಎರಡು ವರ್ಷಕ್ಕೆ 12 ಬರುತ್ತದೆ. ನಮ್ಮಲ್ಲಿ ಎಷ್ಟೋ ಮಕ್ಕಳು ಇದಕ್ಕಿಂತ ಒಂದೆರಡು ಕೆ.ಜಿ. ಕಡಿಮೆಯೇ ಇರುತ್ತಾರೆ, ಆದ್ದರಿಂದ ಈ ಲೆಕ್ಕದಿಂದ ಮದ್ದಿನ ಪ್ರಮಾಣ ನಿರ್ಧರಿಸಬಾರದು. ಇದರ ಕೆಲಸ ಬೇರೆ. ಯಾರೋ ಅವಸರದಲ್ಲಿ 12ನ್ನು 21 ಎಂದು ಬರೆದಿದ್ದರೆ, ಎರಡು ವರ್ಷದ ಮಗು 21 ಕೆ.ಜಿ. ಇರಲು ಸಾಧ್ಯವೇ ಎಂದು ಅಲ್ಲಿಯೇ ಅನುಮಾನ ಹುಟ್ಟಬೇಕು. ಅನುಮಾನ ಬಂದರೆ ಮಗುವನ್ನು ಮತ್ತೆ ತಕ್ಕಡಿಯ ಮೇಲೆ ಕೂರಿಸುವುದೇ ಸರಿ.

46 ಮಿ.ಲೀ. ಎಲ್ಲಿಂದ ಬಂತು, 46 ಹನಿ ಯಾವಾಗ ಆಗುತ್ತದೆ

ಮಗುವಿಗೆ ದಿನಕ್ಕೆ ಎಷ್ಟು ದ್ರವ ಬೇಕು ಎಂಬುದಕ್ಕೆ ಹಾಲಿಡೇ ಮತ್ತು ಸೆಗಾರ್ 1957ರಲ್ಲಿ ಕೊಟ್ಟ ಸೂತ್ರವೇ ಇಂದಿಗೂ ನಡೆಯುತ್ತಿದೆ. ಮೊದಲ 10 ಕೆ.ಜಿ.ಗೆ ಕೆ.ಜಿ.ಯೊಂದಕ್ಕೆ 100 ಮಿ.ಲೀ., ಮುಂದಿನ 10 ಕೆ.ಜಿ.ಗೆ 50, ಅದರ ಮೇಲಿನದಕ್ಕೆ 20. ನಮ್ಮ ಮಗುವಿಗೆ 1000 ಕೂಡಿಸು 100, ಒಟ್ಟು 1100 ಮಿ.ಲೀ. ಇದನ್ನು 24ರಿಂದ ಭಾಗಿಸಿದರೆ ಗಂಟೆಗೆ 45.8, ದುಂಡಗೆ 46.

ಕೆಲವರು ಗಂಟೆಯ ಲೆಕ್ಕವನ್ನೇ ನೇರ ಮಾಡುತ್ತಾರೆ. ಮೊದಲ ಹತ್ತಕ್ಕೆ ಕೆ.ಜಿ.ಗೆ 4, ಮುಂದಿನ ಹತ್ತಕ್ಕೆ 2, ಆಮೇಲೆ 1. ಅದರಲ್ಲಿ 40 ಕೂಡಿಸು 4, ಅಂದರೆ 44 ಬರುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ವಾರ್ಡಿನಲ್ಲಿ ಚರ್ಚೆ ನಡೆಯುವುದುಂಟು. ಎರಡೂ ಒಂದೇ. 100ನ್ನು 24ರಿಂದ ಭಾಗಿಸಿದರೆ 4.17 ಬರುತ್ತದೆ, ಅದನ್ನು 4 ಎಂದು ಮೊಟಕು ಮಾಡಿದ್ದರಿಂದ ಎರಡು ಮಿ.ಲೀ. ಕಡಿಮೆ ಕಂಡಿತು, ಅಷ್ಟೆ. ಆದರೆ ಚಾರ್ಟಿನಲ್ಲಿ 46ರ ಬದಲು 30 ಎಂದಿದ್ದರೆ ಅದು ಬೇರೆ ಮಾತು. ಮೆದುಳಿನ ಅಥವಾ ಶ್ವಾಸಕೋಶದ ಕಾಯಿಲೆಯಲ್ಲಿ ಡಾಕ್ಟರು ಬೇಕೆಂದೇ ಮೂರನೆಯ ಎರಡು ಭಾಗಕ್ಕೆ ಇಳಿಸಿರಬಹುದು. ಹಾಗೆ ಇಳಿಸಿದ್ದರೆ ಕಾರಣ ಬರೆದಿರಬೇಕು, ಬರೆದಿಲ್ಲದಿದ್ದರೆ ಕೇಳಬೇಕು.

ಈಗ ಹನಿ. ಸೂತ್ರ ಎಲ್ಲರಿಗೂ ಬಾಯಿಪಾಠ:

```
ಹನಿ/ನಿಮಿಷ = (ಮಿ.ಲೀ. × ಸೆಟ್ಟಿನ ಹನಿ ಸಂಖ್ಯೆ) ÷ ನಿಮಿಷ
```

ಮೈಕ್ರೋ ಸೆಟ್ಟಿನಲ್ಲಿ ಒಂದು ಮಿ.ಲೀ.ಗೆ 60 ಹನಿ. ಗಂಟೆಗೆ 60 ನಿಮಿಷ. ಎರಡು 60 ಹೊಡೆದುಹೋಗಿ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ ಆಗುತ್ತದೆ. 46 ಮಿ.ಲೀ. ಅಂದರೆ 46 ಹನಿ. ಸಾಮಾನ್ಯ ಸೆಟ್ಟಿನಲ್ಲಿ ಒಂದು ಮಿ.ಲೀ.ಗೆ 20 ಹನಿ, ಆದ್ದರಿಂದ ಗಂಟೆಯ ಮಿ.ಲೀ.ಯನ್ನು 3ರಿಂದ ಭಾಗಿಸಿದರೆ ಸಾಕು, 15 ಹನಿ. ಕೆಲವು ಸೆಟ್ಟುಗಳಲ್ಲಿ 15 ಹನಿಗೆ ಒಂದು ಮಿ.ಲೀ., ಅಲ್ಲಿ 4ರಿಂದ ಭಾಗಿಸಬೇಕು.

ಮಕ್ಕಳ ವಾರ್ಡಿನ ನಿಜವಾದ ಅಪಾಯ ಆ ಸುಲಭದ ಸಮೀಕರಣದಲ್ಲೇ ಇದೆ. ಮೈಕ್ರೋ ಸೆಟ್ಟಿನ ರೂಢಿಯಲ್ಲಿ ‘46’ ಎಂಬ ಅಂಕಿ ಮಿ.ಲೀ.ಯೋ ಹನಿಯೋ ಎಂಬ ಭೇದವೇ ಮರೆತುಹೋಗಿರುತ್ತದೆ. ಒಂದು ರಾತ್ರಿ ಮೈಕ್ರೋ ಸೆಟ್ ಸ್ಟಾಕ್ ಇರುವುದಿಲ್ಲ, ಸಾಮಾನ್ಯ ಸೆಟ್ ಹಾಕಿ ಎಂದಿನಂತೆ 46 ಹನಿ ಬಿಡುತ್ತಾರೆ. 46 ಹನಿಯನ್ನು 20ರಿಂದ ಭಾಗಿಸಿ 60ರಿಂದ ಗುಣಿಸಿ ನೋಡಿ, ಗಂಟೆಗೆ 138 ಮಿ.ಲೀ. ಹೋಗುತ್ತಿದೆ. ಮೂರುಪಟ್ಟು. ಸುಮಾರು 11 ಗಂಟೆ ನಡೆಯಬೇಕಾದ 500 ಮಿ.ಲೀ. ಬಾಟಲಿ ಮೂರೂವರೆ ಗಂಟೆ ಕಳೆಯುವಷ್ಟರಲ್ಲಿ ಖಾಲಿ.

ಸೆಟ್ ಯಾವುದೆಂದು ಕವರ್ ಇಲ್ಲದೆಯೂ ಗೊತ್ತಾಗುತ್ತದೆ. ಡ್ರಿಪ್ ಚೇಂಬರಿನ ಮೇಲ್ಭಾಗದಲ್ಲಿ ಹನಿ ಬೀಳುವ ಜಾಗ ನೋಡಿ. ಸೂಜಿಯಂಥ ತೆಳು ಲೋಹದ ಕೊಳವೆ ಇಳಿಬಿದ್ದು ಸಣ್ಣ ಹನಿ ಟಪಟಪನೆ ಬೀಳುತ್ತಿದ್ದರೆ ಅದು ಮೈಕ್ರೋ. ಅಗಲ ಬಾಯಿಂದ ಹನಿ ತುಂಬಿಕೊಂಡು ದಪ್ಪವಾಗಿ ಬಿದ್ದರೆ ಸಾಮಾನ್ಯ ಸೆಟ್. ಮಕ್ಕಳಿಗೆ ಬಳಸುವ ಬ್ಯೂರೆಟ್ ಸೆಟ್ಟುಗಳು ಬಹುತೇಕ ಮೈಕ್ರೋ. ಕವರ್ ಬಿಚ್ಚುವಾಗಲೇ ಹನಿ ಸಂಖ್ಯೆಯನ್ನು ಸಣ್ಣ ಪ್ಲಾಸ್ಟರ್ ತುಂಡಿನ ಮೇಲೆ ಬರೆದು ಚೇಂಬರಿನ ಪಕ್ಕ ಅಂಟಿಸುವ ಅಭ್ಯಾಸ ಇಟ್ಟುಕೊಂಡರೆ ಮುಂದಿನ ಶಿಫ್ಟಿನವರು ಊಹಿಸಬೇಕಾಗಿಲ್ಲ. ಚಾರ್ಟಿನಲ್ಲೂ ಬರೀ ‘46’ ಎಂದು ಬರೆಯದೆ ‘ಗಂಟೆಗೆ 46 ಮಿ.ಲೀ., ಮೈಕ್ರೋ, 46 ಹನಿ’ ಎಂದು ಪೂರ್ತಿ ಬರೆಯಬೇಕು.

ಹನಿ ಎಣಿಸುವ ಬಗೆಯೂ ಲೆಕ್ಕದ ಭಾಗವೇ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ರೂಢಿ. ಮೈಕ್ರೋ ಸೆಟ್ಟಿನಲ್ಲಿ ಅದು ನಡೆದೀತು, ಒಂದು ಹನಿ ಹೆಚ್ಚುಕಡಿಮೆ ಎಣಿಸಿದರೂ ಗಂಟೆಗೆ 4 ಮಿ.ಲೀ. ವ್ಯತ್ಯಾಸ. ಸಾಮಾನ್ಯ ಸೆಟ್ಟಿನಲ್ಲಿ 15 ಹನಿ ಬಿಡಬೇಕಾದಾಗ ಹಾಗೆ ಮಾಡಿದರೆ ಒಂದೇ ಹನಿಯ ತಪ್ಪು ಗಂಟೆಗೆ 12 ಮಿ.ಲೀ. ಆಗುತ್ತದೆ, ಅಂದರೆ ಕಾಲುಭಾಗ. ನಿಧಾನದ ಡ್ರಿಪ್ಪನ್ನು ಪೂರ್ತಿ ಒಂದು ನಿಮಿಷ ಎಣಿಸಲೇಬೇಕು. ಎಷ್ಟು ಎಚ್ಚರದಿಂದ ಎಣಿಸಿದರೂ ಸೆಟ್ಟಿನ ಹನಿಯ ಗಾತ್ರದಲ್ಲೇ ಸುಮಾರು ಹತ್ತು ಶೇಕಡಾ ಏರಿಳಿತಕ್ಕೆ ಅವಕಾಶವಿದೆ. ಹಾಗಾಗಿ ಕೊನೆಯ ಸಾಕ್ಷಿ ಹನಿಯಲ್ಲ, ಬ್ಯೂರೆಟ್ಟಿನ ಗೆರೆ. ಒಂದು ಗಂಟೆ ಕಳೆದ ಮೇಲೆ ಮಟ್ಟ 46 ಗೆರೆ ಇಳಿದಿರಬೇಕು.

ದ್ರವದ ವೇಗವೇ ಪೊಟ್ಯಾಸಿಯಂ ಪ್ರಮಾಣ

ಬಾಟಲಿಗೆ ಪೊಟ್ಯಾಸಿಯಂ ಹಾಕಿದ ಕ್ಷಣದಿಂದ ಗಂಟೆಗೆ 46 ಎಂಬುದು ಬರೀ ನೀರಿನ ಅಂಕಿಯಲ್ಲ, ಅದು ಕೆ.ಜಿ.ಗೆ ಇಷ್ಟು ಎಂಬ ಮದ್ದಿನ ಅಂಕಿಯೂ ಹೌದು. ಚಾರ್ಟಿನಲ್ಲಿ ಇದು ಕಾಣುವುದಿಲ್ಲ, ಹಿಂದಿನಿಂದ ಲೆಕ್ಕ ಹಾಕಿದರೆ ಮಾತ್ರ ಕಾಣುತ್ತದೆ.

ನಮ್ಮಲ್ಲಿ ಸಿಗುವ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ಸಾಮಾನ್ಯವಾಗಿ 15 ಶೇಕಡಾದ್ದು, 10 ಮಿ.ಲೀ., ಒಂದು ಮಿ.ಲೀ.ಯಲ್ಲಿ 2 ಮಿಲಿಈಕ್ವಿವಲೆಂಟ್. 5 ಮಿ.ಲೀ. ಹಾಕಿದರೆ 10. ಅದು 500 ಮಿ.ಲೀ.ಯಲ್ಲಿ ಬೆರೆತಿದೆ, ಅಂದರೆ ಲೀಟರಿಗೆ 20. ಕೈಯ ಸಣ್ಣ ರಕ್ತನಾಳದಲ್ಲಿ ಕೊಡುವಾಗ ಲೀಟರಿಗೆ 40 ದಾಟಬಾರದು ಎಂಬ ರೂಢಿಯ ಮಿತಿಯೊಳಗಿದೆ. ದಿನಕ್ಕೆ 1100 ಮಿ.ಲೀ. ಹೋದರೆ 22 ಮಿಲಿಈಕ್ವಿವಲೆಂಟ್, 12ರಿಂದ ಭಾಗಿಸಿದರೆ ಕೆ.ಜಿ.ಗೆ ಸುಮಾರು 1.8. ಮಕ್ಕಳ ದಿನನಿತ್ಯದ ಅಗತ್ಯ 1ರಿಂದ 2, ಆದ್ದರಿಂದ ಈ ಸಾಲು ಸರಿ.

ಆದರೆ ಮೇಲೆ ಹೇಳಿದ ಸೆಟ್ಟಿನ ತಪ್ಪಾದರೆ ಪೊಟ್ಯಾಸಿಯಂ ಕೂಡ ಮೂರುಪಟ್ಟು ವೇಗದಲ್ಲಿ ಹೋಗುತ್ತದೆ. ಇನ್ನೊಂದು ತಪ್ಪು ಅಂಕಿಯಲ್ಲಿ ಕಾಣುವುದೇ ಇಲ್ಲ. ನೇತಾಡುತ್ತಿರುವ ಬಾಟಲಿಗೆ ಆಂಪ್ಯೂಲ್ ಸುರಿದು ಅಲುಗಾಡಿಸದೆ ಬಿಟ್ಟರೆ ಪೊಟ್ಯಾಸಿಯಂ ಭಾರವಾಗಿ ತಳಕ್ಕಿಳಿದು ಬಾಟಲಿಯ ಬಾಯಿಯ ಹತ್ತಿರ ಕೂರುತ್ತದೆ. ಮೊದಲ ಕೆಲವು ಮಿ.ಲೀ.ಯಲ್ಲೇ ದಟ್ಟವಾಗಿ ಒಳಗೆ ಹೋಗುತ್ತದೆ. ಲೀಟರಿಗೆ 20 ಎಂಬ ನಮ್ಮ ಲೆಕ್ಕ ನಿಜವಾಗಬೇಕಾದರೆ ಬಾಟಲಿಯನ್ನು ಕೆಳಗಿಳಿಸಿ, ಮದ್ದು ಹಾಕಿ, ಏಳೆಂಟು ಸಲ ತಲೆಕೆಳಗು ಮಾಡಿ, ಲೇಬಲ್ ಅಂಟಿಸಿ, ಆಮೇಲೆ ತೂಗುಹಾಕಬೇಕು.

ಅಮಿಕಾಸಿನ್: ಒಂದೇ ಗಾತ್ರದ ಮೂರು ವಯಲ್

ಕೆ.ಜಿ.ಗೆ 15 ಮಿ.ಗ್ರಾಂ, 12 ಕೆ.ಜಿ., ಒಟ್ಟು 180. ಮೊದಲು ಕೇಳಿಕೊಳ್ಳಬೇಕಾದ್ದು ಈ 15 ದಿನಕ್ಕೋ, ಪ್ರತಿ ಸಲಕ್ಕೋ ಎಂದು. ಅಮಿಕಾಸಿನ್‌ಗೆ ಇಲ್ಲಿ ಅದು ದಿನಕ್ಕೆ. ದಿನಕ್ಕೊಮ್ಮೆ ಕೊಟ್ಟರೆ 180, ಎರಡು ಸಲ ಹಂಚಿದರೆ ತಲಾ 90. ಯಾರಾದರೂ 180 ಎಂದು ಬರೆದು ಪಕ್ಕದಲ್ಲಿ ಅಭ್ಯಾಸಬಲದಿಂದ ‘12 ಗಂಟೆಗೊಮ್ಮೆ’ ಎಂದು ಬರೆದುಬಿಟ್ಟರೆ, ಒಂದೊಂದು ಡೋಸ್ ನೋಡಿದಾಗ ಸರಿಯಾಗಿಯೇ ಕಾಣುತ್ತದೆ. ಡೋಸನ್ನು ಸಲದಿಂದ ಗುಣಿಸಿ ತೂಕದಿಂದ ಭಾಗಿಸಿದಾಗ ಮಾತ್ರ ಕೆ.ಜಿ.ಗೆ 30 ಎಂದು ಬಯಲಾಗುತ್ತದೆ. ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡಬಲ್ಲ ಮದ್ದು ಇದು, ಆದ್ದರಿಂದ ದಿನದ ಲೆಕ್ಕ ಬಿಡುವಂತಿಲ್ಲ.

ಇನ್ನು ವಯಲ್. ಅಮಿಕಾಸಿನ್ ನಮ್ಮಲ್ಲಿ 100, 250, 500 ಮಿ.ಗ್ರಾಂ ಎಂದು ಮೂರು ಬಗೆಯಲ್ಲಿ ಸಿಗುತ್ತದೆ, ಮೂರರಲ್ಲೂ ಇರುವುದು 2 ಮಿ.ಲೀ. ಅಂದರೆ ಒಂದು ಮಿ.ಲೀ.ಯಲ್ಲಿ ಕ್ರಮವಾಗಿ 50, 125, 250 ಮಿ.ಗ್ರಾಂ. 180 ಮಿ.ಗ್ರಾಂ ಬೇಕಾದರೆ ಮೊದಲನೆಯದರಿಂದ 3.6 ಮಿ.ಲೀ., ಎರಡನೆಯದರಿಂದ 1.44, ಮೂರನೆಯದರಿಂದ 0.72. ವಯಲ್‌ಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ, ಅಂಕಿ ಮಾತ್ರ ಸಣ್ಣಕ್ಷರದಲ್ಲಿ.

ಇದು ಕೆಡುವ ಬಗೆ ಹೀಗೆ. ಸೋಮವಾರ ವಾರ್ಡಿನಲ್ಲಿ 250ರ ವಯಲ್ ಇತ್ತು. ಒಬ್ಬ ಸಿಸ್ಟರ್ ಮುಂದಿನವರಿಗೆ ಸಹಾಯವಾಗಲಿ ಎಂದು ಚಾರ್ಟಿನ ಪಕ್ಕದಲ್ಲಿ ‘1.44 ಮಿ.ಲೀ.’ ಎಂದು ಬರೆದಿಟ್ಟರು. ಮಂಗಳವಾರ ಫಾರ್ಮಸಿಯಿಂದ ಬಂದದ್ದು 500ರ ವಯಲ್. ಚಾರ್ಟ್ ನೋಡಿ ಅದರಿಂದಲೇ 1.44 ಎಳೆದರೆ ಹೋಗುವುದು 360 ಮಿ.ಗ್ರಾಂ. ಯಾರ ಗುಣಾಕಾರವೂ ತಪ್ಪಿಲ್ಲ, ಮಗುವಿಗೆ ಮಾತ್ರ ಎರಡುಪಟ್ಟು ಹೋಯಿತು. ಚಾರ್ಟಿನಲ್ಲಿ ಡೋಸ್ ಮಿ.ಗ್ರಾಂನಲ್ಲೇ ಇರಬೇಕು, ಮಿ.ಲೀ. ಬರೆಯಲೇಬೇಕಾದರೆ ಯಾವ ವಯಲ್‌ನಿಂದ ಎಂಬುದೂ ಅದರ ಜೊತೆ ಇರಬೇಕು.

ಇಬ್ಬರು ನೋಡುವ ಪದ್ಧತಿ ಇರುವುದು ಇಂಥದ್ದಕ್ಕೇ, ಆದರೆ ಅದು ನಡೆಯುವ ರೀತಿ ನೋಡಿ. ‘ಸಿಸ್ಟರ್, ಇದು 1.44 ಅಲ್ವಾ?’ ಎಂದು ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಬೇರೆ ಮಗುವಿನ ಕ್ಯಾನುಲಾ ಕಟ್ಟುತ್ತಲೇ ‘ಹೂಂ’ ಎನ್ನುತ್ತಾರೆ. ಉತ್ತರವನ್ನು ಪ್ರಶ್ನೆಯೊಳಗೇ ಕೊಟ್ಟಾಗಿದೆ. ಹಾಗಲ್ಲದೆ ತುಂಬಿದ ಸಿರಿಂಜನ್ನೂ ಖಾಲಿ ವಯಲನ್ನೂ ಅವರ ಕೈಗೆ ಕೊಟ್ಟು ‘ಇದರಲ್ಲಿ ಎಷ್ಟು ಮಿಲಿಗ್ರಾಂ ಇದೆ, ಕೆ.ಜಿ.ಗೆ ಎಷ್ಟಾಯ್ತು ಹೇಳಿ’ ಎಂದು ಕೇಳಬೇಕು. ಅವರು ಸಿರಿಂಜಿನ ಗೆರೆ ನೋಡಿ, ವಯಲ್ ತಿರುಗಿಸಿ ಓದಿ, 1.44ನ್ನು 125ರಿಂದ ಗುಣಿಸಿ 180, ಅದನ್ನು 12ರಿಂದ ಭಾಗಿಸಿ 15 ಎಂದರೆ ಆರ್ಡರಿಗೆ ತಾಳೆಯಾಯಿತು. 500ರ ವಯಲ್ ಆಗಿದ್ದರೆ ಇದೇ ದಾರಿಯಲ್ಲಿ 30 ಬಂದು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಗೆರೆಯ ವಿಷಯ ಬಂತೆಂದು ಒಂದು ಮಾತು. ಎರಡು ಮಿ.ಲೀ. ಸಿರಿಂಜಿನಲ್ಲಿ ಗೆರೆಗಳು 0.1ಕ್ಕೊಂದು, ಅದರಲ್ಲಿ 1.44 ಎಳೆಯುವುದು ಕಾಗದದ ಮೇಲೆ ಮಾತ್ರ ಸಾಧ್ಯ. 1.4 ಎಳೆದರೆ 175 ಮಿ.ಗ್ರಾಂ, ಕೆ.ಜಿ.ಗೆ 14.6. ಈ ಮಗುವಿಗೆ ಏನೂ ತೊಂದರೆಯಿಲ್ಲ. ನವಜಾತ ಶಿಶುವಿನಲ್ಲಿ ಅರ್ಧ ಗೆರೆಯೂ ದೊಡ್ಡದಾಗುತ್ತದೆ, ಅಲ್ಲಿ ಒಂದು ಮಿ.ಲೀ. ಸಿರಿಂಜ್ ಬೇಕು.

50 ಮಿ.ಲೀ. ಒಂದು ಗಂಟೆಯಲ್ಲಿ, ಮೈಕ್ರೋ ಸೆಟ್ಟಿನಲ್ಲಿ 50 ಹನಿ. ಆ ಗಂಟೆ ಡಿಎನ್‌ಎಸ್ ನಿಲ್ಲಿಸಿರುತ್ತೀರಾದ್ದರಿಂದ 46ರ ಬದಲು 50 ಹೋಯಿತು, ದಿನದ ಒಟ್ಟು ಲೆಕ್ಕ ಕೆಡಲಿಲ್ಲ. ಎರಡನ್ನೂ ಒಟ್ಟಿಗೆ ಬಿಟ್ಟರೆ ಆ ಗಂಟೆ 96. ಒಂದು ಮದ್ದಿಗೆ ಪರವಾಗಿಲ್ಲ, ದಿನಕ್ಕೆ ನಾಲ್ಕೈದು ಮದ್ದು ಹೀಗೆ ಹೋಗುವ ಮಗುವಿನಲ್ಲಿ ಅದು ಕೂಡುತ್ತಾ ಹೋಗುತ್ತದೆ.

ಪ್ಯಾರಾಸಿಟಮಾಲ್: ಅದೇ 180, ಆದರೆ 18

ಇಲ್ಲೂ 180 ಮಿ.ಗ್ರಾಂ, ಅಮಿಕಾಸಿನ್ ಪಕ್ಕದ ಸಾಲಿನಲ್ಲೇ. ಆದರೆ ಪ್ಯಾರಾಸಿಟಮಾಲ್ ಇನ್‌ಫ್ಯೂಷನ್ ಬಾಟಲಿ 100 ಮಿ.ಲೀ.ಯಲ್ಲಿ 1000 ಮಿ.ಗ್ರಾಂ, ಮಿ.ಲೀ.ಗೆ 10. ಆದ್ದರಿಂದ 18 ಮಿ.ಲೀ. ಹತ್ತರಿಂದ ಭಾಗಿಸುವುದು ಬಹಳ ಸುಲಭ, ಮರೆಯುವುದೂ ಅಷ್ಟೇ ಸುಲಭ. ಮಿ.ಗ್ರಾಂ ಅಂಕಿಯನ್ನೇ ಮಿ.ಲೀ. ಎಂದು ಓದಿದರೆ ಹತ್ತುಪಟ್ಟು. ಈ ಮಗುವಿನಲ್ಲಿ 180 ಮಿ.ಲೀ. ಎಂದರೆ ಎರಡು ಬಾಟಲಿ ಒಡೆಯಬೇಕಾದ್ದರಿಂದ ಕೈ ತಡೆಯುತ್ತದೆ. ಐದಾರು ಕೆ.ಜಿ. ಕೂಸಿನಲ್ಲಿ ಹಾಗಲ್ಲ, ಅಲ್ಲಿ ತಪ್ಪು ಪ್ರಮಾಣ ಒಂದೇ ಬಾಟಲಿಯೊಳಗೆ ಸದ್ದಿಲ್ಲದೆ ಹಿಡಿಸುತ್ತದೆ.

ಬಾಟಲಿಯನ್ನೇ ನೇರ ಸೆಟ್ಟಿಗೆ ಸಿಕ್ಕಿಸಿ ‘18 ಮಿ.ಲೀ. ಆದಾಗ ನಿಲ್ಲಿಸುತ್ತೇನೆ’ ಎನ್ನುವುದು ಬೇಡ. ಪಕ್ಕದ ಹಾಸಿಗೆಯಲ್ಲಿ ಯಾರಿಗೋ ಫಿಟ್ಸ್ ಬಂದು ಅತ್ತ ಓಡಿದರೆ ಪೂರ್ತಿ 1000 ಮಿ.ಗ್ರಾಂ ಹೋಗುತ್ತದೆ, ಕೆ.ಜಿ.ಗೆ 83. ಸಿರಿಂಜಿನಲ್ಲಿ 18 ಎಳೆದು ಬ್ಯೂರೆಟ್ಟಿಗೆ ಹಾಕಿ ಬಾಟಲಿಯನ್ನು ಸ್ಟ್ಯಾಂಡಿನಿಂದ ಇಳಿಸಿಬಿಡಬೇಕು. 15 ನಿಮಿಷಕ್ಕೆ 18, ಗಂಟೆಗೆ 72 ಮಿ.ಲೀ. ವೇಗ, ಮೈಕ್ರೋದಲ್ಲಿ 72 ಹನಿ.

ಬ್ಯೂರೆಟ್ ಖಾಲಿಯಾದ ಮಾತ್ರಕ್ಕೆ ಡೋಸ್ ಮುಗಿದಿರುವುದಿಲ್ಲ. ಅಲ್ಲಿಂದ ಕೈವರೆಗಿನ ಕೊಳವೆ ಸೆಟ್ಟಿನ ಉದ್ದಕ್ಕೆ ತಕ್ಕಂತೆ ಹತ್ತು ಹದಿನೈದು ಮಿ.ಲೀ. ಹಿಡಿಯುತ್ತದೆ. 18ರ ಡೋಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಕೊಳವೆಯಲ್ಲೇ ಇರಬಹುದು. ಸೆಟ್ ಬಿಚ್ಚಿ ಎಸೆದರೆ ಮದ್ದೂ ಅದರ ಜೊತೆ ಹೋಯಿತು, ಜ್ವರ ಇಳಿಯಲಿಲ್ಲ ಎಂದು ಎರಡು ಗಂಟೆಯಲ್ಲಿ ಮತ್ತೆ ಡಾಕ್ಟರಿಗೆ ಫೋನ್. ಹಿಂದೆಯೇ ಡಿಎನ್‌ಎಸ್ ಬಿಟ್ಟು ಅದನ್ನು ಒಳಗೆ ತಳ್ಳಬೇಕು.

ದಿನದ ಲೆಕ್ಕ: 180ನ್ನು ನಾಲ್ಕರಿಂದ ಗುಣಿಸಿ 12ರಿಂದ ಭಾಗಿಸಿದರೆ ಕೆ.ಜಿ.ಗೆ 60 ಮಿ.ಗ್ರಾಂ. ಈ ತೂಕಕ್ಕೆ ಐವಿ ಪ್ಯಾರಾಸಿಟಮಾಲ್‌ನ ಮಿತಿಯೇ ಅಷ್ಟು. ಅಂದರೆ ಐದನೆಯ ಡೋಸಿಗೆ ಜಾಗವಿಲ್ಲ. ಚಾರ್ಟಿನ ಕೆಳಗೆ ‘ಜ್ವರ ಬಂದರೆ’ ಎಂಬ ಕಾಲಂನಲ್ಲಿ ಪ್ಯಾರಾಸಿಟಮಾಲ್ ಸಿರಪ್ ಬೇರೆ ಬರೆದಿದೆಯೇ, ಅಮ್ಮನ ಚೀಲದಲ್ಲಿ ಮನೆಯಿಂದ ತಂದ ಬಾಟಲಿ ಇದೆಯೇ ಎಂದು ನೋಡದೆ ಈ ಸಾಲಿಗೆ ಟಿಕ್ ಹಾಕುವಂತಿಲ್ಲ. ಮಗು 10 ಕೆ.ಜಿ.ಗಿಂತ ಕಡಿಮೆ ಇದ್ದಿದ್ದರೆ ಬಾಟಲಿಯ ಸೂಚನೆಯಂತೆ ಪ್ರತಿ ಸಲದ ಡೋಸೇ ಕೆ.ಜಿ.ಗೆ 7.5ಕ್ಕೆ ಇಳಿಯುತ್ತದೆ. ತೂಕ 9.8 ಎಂದಿರುವ ಮಗುವಿಗೆ ಯಾರೋ 15ರಿಂದ ಗುಣಿಸಿದ್ದರೆ ಅದನ್ನು ಡಾಕ್ಟರ ಗಮನಕ್ಕೆ ತರಬೇಕು.

ಅಂಕಿ ತಾಳೆಯಾಗದಿದ್ದರೆ, ಡ್ರಿಪ್ ಹಿಂದೆ ಬಿದ್ದರೆ

ತಾಳೆಯಾಗದ ಅಂಕಿಯನ್ನು ನರ್ಸ್ ತಾನೇ ತಿದ್ದಬಾರದು, ಎಷ್ಟೇ ಸ್ಪಷ್ಟವಾದ ತಪ್ಪಾದರೂ. ಡೋಸ್ ತಡೆಹಿಡಿದು ಡ್ಯೂಟಿ ಡಾಕ್ಟರಿಗೆ ಅಂಕಿ ಸಮೇತ ಹೇಳಬೇಕು. ‘ಡೋಸ್ ಜಾಸ್ತಿ ಅನ್ನಿಸ್ತಿದೆ’ ಎಂದರೆ ‘ಇರಲಿ, ಕೊಡಿ’ ಎಂಬ ಉತ್ತರ ಬರಬಹುದು. ‘ಸಾರ್, 12 ಕೆ.ಜಿ. ಮಗು, ಅಮಿಕಾಸಿನ್ 180 ಎರಡು ಸಲ ಬರೆದಿದೆ, ದಿನಕ್ಕೆ ಕೆ.ಜಿ.ಗೆ 30 ಆಗುತ್ತೆ’ ಎಂದರೆ ಅವರೇ ಎದ್ದು ಬರುತ್ತಾರೆ. ಹಳೆಯ ಅಂಕಿಯ ಮೇಲೆಯೇ ಹೊಸದನ್ನು ತೀಡಬಾರದು, 1 ಅನ್ನು 7 ಮಾಡಿದ ಚಾರ್ಟನ್ನು ರಾತ್ರಿ ಎರಡು ಗಂಟೆಗೆ ಯಾರೂ ಸರಿಯಾಗಿ ಓದಲಾರರು. ಒಂದು ಗೆರೆ ಎಳೆದು, ಸಹಿ ಹಾಕಿ, ಹೊಸ ಸಾಲು ಬರೆಸಿಕೊಳ್ಳಬೇಕು.

ಇನ್ನು ಡ್ರಿಪ್ ಹಿಂದೆ ಬೀಳುವುದು. ಬೆಳಿಗ್ಗೆ 8ಕ್ಕೆ 46ರಂತೆ ಶುರು ಮಾಡಿದ್ದು ಮಧ್ಯಾಹ್ನ 12ಕ್ಕೆ 184 ಮಿ.ಲೀ. ಹೋಗಿರಬೇಕು. ನೋಡಿದರೆ 130 ಹೋಗಿದೆ. ಮಗು ಕೈ ಮಡಚಿರಬಹುದು, ಕ್ಯಾನುಲಾ ಅಡ್ಡವಾಗಿರಬಹುದು, ಬಾಟಲಿಗೆ ಗಾಳಿ ಹೋಗುತ್ತಿಲ್ಲದಿರಬಹುದು, ಕ್ಲ್ಯಾಂಪ್ ಒತ್ತಿದ ಜಾಗದಲ್ಲಿ ಕೊಳವೆ ನಿಧಾನಕ್ಕೆ ಚಪ್ಪಟೆಯಾಗಿರಬಹುದು. ಕ್ಯಾನುಲಾ ಜಾಗ ಊದಿದೆಯೇ ಎಂದು ಮೊದಲು ನೋಡಿ, ಊದಿದ್ದರೆ ದ್ರವ ರಕ್ತನಾಳಕ್ಕೆ ಹೋಗುತ್ತಲೇ ಇಲ್ಲ. ಕಾರಣ ಸರಿಪಡಿಸಿದ ಮೇಲೆ ಮತ್ತೆ 46ಕ್ಕೇ ಬಿಡಬೇಕು. ಉಳಿದ 54 ಮಿ.ಲೀ.ಯನ್ನು ಶಿಫ್ಟ್ ಮುಗಿಯುವುದರೊಳಗೆ ಓಡಿಸಿ ಚಾರ್ಟ್ ಸರಿ ಕಾಣಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಆ 54ರಲ್ಲಿ ಪೊಟ್ಯಾಸಿಯಂ ಇದೆ. ಇನ್‌ಟೇಕ್ ಕಾಲಂನಲ್ಲಿ 184 ಅಲ್ಲ, 130 ಎಂದೇ ಬರೆದು, ಕಾರಣ ಹಾಕಿ, ಉಳಿದದ್ದನ್ನು ಏನು ಮಾಡಬೇಕೆಂದು ಡಾಕ್ಟರನ್ನು ಕೇಳಬೇಕು.